ಮೂವತ್ತು ನಲವತ್ತರ ಸೈಟು, ಮೂಲೆಯ ಸೈನು

ನಮ್ಮ ಭಾವ ಊರ ಹೊರಗೆ ಒಂದು ಸೈಟು ನೋಡಿದ್ದರು. ಮೂವತ್ತು ನಲವತ್ತರ ಸೈಟು, ಅಂದರೆ 1200 ಚದರಡಿ. ಟೇಪು ಹಿಡಿದು ನಾಲ್ಕೂ ಬದಿ ಅಳೆದದ್ದಾಯಿತು. ರಸ್ತೆ ಕಡೆ 40, ಹಿಂದುಗಡೆ 40, ಎಡಕ್ಕೆ 30, ಬಲಕ್ಕೆ 30. ಒಂದಿಂಚೂ ವ್ಯತ್ಯಾಸವಿಲ್ಲ. ಭಾವ ನಿರಾಳವಾದರು. ಜೊತೆಗೆ ಬಂದಿದ್ದ ಮೇಸ್ತ್ರಿ ಮಾತ್ರ ಟೇಪು ಸುತ್ತಲಿಲ್ಲ. ಒಂದು ಮೂಲೆಯ ಕಲ್ಲಿನ ಮೇಲೆ ಅದರ ತುದಿ ಇಡಿಸಿ, ಎದುರಿನ ಮೂಲೆಗೆ ಎಳೆದುಕೊಂಡು ಹೋದರು. 45 ಅಡಿ. ಇನ್ನೆರಡು ಮೂಲೆಗಳ ನಡುವೆ ಎಳೆದರೆ ಐವತ್ತನಾಲ್ಕೂವರೆ.

“ಮೂಲೆ ಮಟ್ಟ ಇಲ್ಲ ಸಾರ್. ಐವತ್ತು ಬರಬೇಕಿತ್ತು” ಅಂದರು.

“ನಾಲ್ಕು ಕಡೆಯೂ ಸರಿಯಾಗಿದೆಯಲ್ಲಪ್ಪ?” ಎಂದು ಭಾವ.

ಭಾವನ ಈ ಪ್ರಶ್ನೆಯಲ್ಲೇ ಪಿಯುಸಿ ಗಣಿತದ ಒಂದು ಪಾಠ ಪೂರ್ತಿ ಅಡಗಿದೆ. ಪಠ್ಯದಲ್ಲಿ ಅದರ ಹೆಸರು ಸದಿಶ ಗುಣಲಬ್ಧ, ತರಗತಿಯಲ್ಲಿ ಎಲ್ಲರ ಬಾಯಲ್ಲೂ ಕ್ರಾಸ್ ಪ್ರಾಡಕ್ಟ್. ಪರೀಕ್ಷೆಗೆ ಉರು ಹೊಡೆದ ಸೂತ್ರ ಹಲವರಿಗೆ ಇನ್ನೂ ನೆನಪಿರಬಹುದು:

|a × b| = |a| |b| sin θ

ಒಂದೇ ಮೂಲೆಯಿಂದ ಹೊರಡುವ ಎರಡು ಬಾಣಗಳನ್ನು ಊಹಿಸಿಕೊಳ್ಳಿ. ಒಂದು ರಸ್ತೆಯುದ್ದಕ್ಕೆ 40 ಅಡಿ ಹೋಗುತ್ತದೆ, ಇನ್ನೊಂದು ಸೈಟಿನ ಆಳಕ್ಕೆ 30 ಅಡಿ. ಉದ್ದದ ಜೊತೆಗೆ ದಿಕ್ಕೂ ಇರುವ ಇಂಥ ಬಾಣಗಳೇ ಸದಿಶಗಳು. ಎರಡರ ಉದ್ದವನ್ನೂ ಗುಣಿಸಿ, ನಡುವಿನ ಕೋನದ ಸೈನ್‌ನಿಂದ ಮತ್ತೆ ಗುಣಿಸಿದರೆ ಬರುವ ಸಂಖ್ಯೆ ಆ ಬಾಣಗಳ ಮೇಲೆ ನಿಂತ ಸಮಾಂತರ ಚತುರ್ಭುಜದ ವಿಸ್ತೀರ್ಣ. ಸೂತ್ರ ಹೇಳುವುದು ಇಷ್ಟನ್ನೇ. ಆದರೆ ಈ ಸೈನ್ ಅಲ್ಲಿಗೆ ಬಂದು ಕೂತದ್ದು ಹೇಗೆ?

ಹಳೆಯ ಅಂಗಡಿಗಳ ಬಾಗಿಲಿಗೆ ಪಟ್ಟಿಗಳನ್ನು ಅಡ್ಡಡ್ಡ ಜೋಡಿಸಿದ, ತಳ್ಳಿದರೆ ಮಡಚಿಕೊಳ್ಳುವ ಕಬ್ಬಿಣದ ಗೇಟು ಇರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಗೇಟು ಎಳೆದಾಗ ಪಟ್ಟಿಗಳ ನಡುವೆ ವಜ್ರಾಕಾರದ ಕಿಂಡಿಗಳು ಅಗಲವಾಗಿ ತೆರೆದುಕೊಳ್ಳುತ್ತವೆ. ತಳ್ಳುತ್ತ ಹೋದಂತೆ ಅವೇ ಕಿಂಡಿಗಳು ಸಪೂರವಾಗಿ, ಕೊನೆಗೆ ಬೆರಳೂ ತೂರದಷ್ಟಾಗುತ್ತವೆ. ಯಾವ ಪಟ್ಟಿಯೂ ಒಂದು ನೂಲಿನಷ್ಟೂ ಗಿಡ್ಡವಾಗಿಲ್ಲ. ನಾಲ್ಕು ಬದಿಗಳೂ ಇದ್ದ ಹಾಗೇ ಇವೆ, ಒಳಗಿನ ಜಾಗ ಮಾತ್ರ ಇಲ್ಲವಾಗಿದೆ. ಬದಲಾದದ್ದು ಮೂಲೆಯ ಕೋನ. ಬದಿ ಸರಿಯಿದ್ದ ಮಾತ್ರಕ್ಕೆ ವಿಸ್ತೀರ್ಣ ಸರಿಯಿರಬೇಕಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಈಗ ಸೈಟಿಗೆ ವಾಪಸ್ಸು ಬರೋಣ. ಓರೆಯಾಗಿ ನಿಂತ 30 ಅಡಿ ಬದಿಯ ಮೇಲ್ತುದಿಯಿಂದ ರಸ್ತೆಯ ಗೆರೆಗೆ ನೇರವಾಗಿ ಒಂದು ಲಂಬ ಇಳಿಸಿ. ಅಲ್ಲೊಂದು ತ್ರಿಕೋನ ಸಿಗುತ್ತದೆ. ಅದನ್ನು ಕತ್ತರಿಸಿ ಇನ್ನೊಂದು ತುದಿಗೆ ಅಂಟಿಸಿದರೆ ಓರೆ ಆಕೃತಿ ಸರಿಯಾದ ಆಯತವಾಗುತ್ತದೆ. ಆಯತದ ಉದ್ದ 40 ಅಡಿಯೇ. ಎತ್ತರ ಮಾತ್ರ 30 ಅಲ್ಲ, ನಾವು ಇಳಿಸಿದ ಲಂಬದಷ್ಟು. 30 ಅಡಿಯ ಓರೆ ಬದಿಯಲ್ಲಿ ಎಷ್ಟು ಭಾಗ ನಿಜವಾದ ಎತ್ತರವಾಗಿ ಉಳಿಯಿತು ಎಂದು ಹೇಳುವ ಭಿನ್ನರಾಶಿಗೇ ಸೈನ್ ಎಂದು ಹೆಸರು. ಮೂಲೆ ಮಟ್ಟವಾಗಿದ್ದರೆ, ಅಂದರೆ 90 ಡಿಗ್ರಿ ಇದ್ದರೆ, ಪೂರ್ತಿ ಒಂದು. ಕೋನ ಸೊನ್ನೆಯಾದರೆ ಸೈನ್ ಕೂಡ ಸೊನ್ನೆ, ಗೇಟು ಪೂರ್ತಿ ಮಡಚಿದಂತೆ.

ಭಾವನ ಸೈಟಿನ ಕೋನ ಎಷ್ಟು? ಬಯಲಿನಲ್ಲಿ ನಿಂತು ಕೋನ ಅಳೆಯುವುದು ಕಷ್ಟ, ಟೇಪು ಎಳೆಯುವುದು ಸುಲಭ. ಮೇಸ್ತ್ರಿಗಳು ಪಾಯ ಗುರುತು ಹಾಕುವಾಗ ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತಿಸಿ, ನಡುವೆ 5 ಅಡಿ ಬರುತ್ತದೋ ಎಂದು ನೋಡುವುದು ಇದೇ ಕಾರಣಕ್ಕೆ. ನಮ್ಮ 30, 40, 50 ಅದರ ಹತ್ತರಷ್ಟು. ಐವತ್ತರ ಬದಲು 45 ಬಂದಿರುವುದರಿಂದ ಲೆಕ್ಕ ಹೀಗೆ ಹೋಗುತ್ತದೆ: 30ರ ವರ್ಗ 900, 40ರ ವರ್ಗ 1600, ಕೂಡಿದರೆ 2500. ಅದರಿಂದ 45ರ ವರ್ಗ 2025 ಕಳೆದರೆ 475. ಇದನ್ನು 30 ಮತ್ತು 40ರ ಗುಣಲಬ್ಧದ ಎರಡರಷ್ಟಾದ 2400ರಿಂದ ಭಾಗಿಸಿದರೆ 0.198. ಇದು ಆ ಕೋನದ ಕೊಸೈನ್. ಕೋನ ಸುಮಾರು 78.6 ಡಿಗ್ರಿ, ಅದರ ಸೈನ್ 0.980. ವಿಸ್ತೀರ್ಣ 1200 × 0.980, ಅಂದರೆ ಹತ್ತಿರ ಹತ್ತಿರ 1176 ಚದರಡಿ.

ಕಣ್ಣಿಗೆ ಹೊಡೆಯುವಷ್ಟು ಸೊಟ್ಟಗಿರುವ ಸೈಟು. ಹನ್ನೊಂದು ಡಿಗ್ರಿಗಿಂತ ಹೆಚ್ಚು ವಾಲಿದೆ. ಹೋದದ್ದು ಮಾತ್ರ ಬರೀ 24 ಚದರಡಿ, ನೂರಕ್ಕೆ ಎರಡು. ಸೈನ್‌ನ ಗುಣವೇ ಹಾಗೆ. 90ರ ಆಸುಪಾಸಿನಲ್ಲಿ ಅದು ಬಹಳ ಉದಾರಿ. 85 ಡಿಗ್ರಿಗೆ ವಾಲಿದರೂ 1200ರಲ್ಲಿ ಐದು ಚದರಡಿಯೂ ಹೋಗುವುದಿಲ್ಲ. 60ಕ್ಕೆ ಇಳಿದರೆ 1039ಕ್ಕೆ ಬರುತ್ತದೆ. ಅಲ್ಲಿಂದ ಕೆಳಗೆ ಕುಸಿತ ಜೋರಾಗುತ್ತದೆ, 30 ಡಿಗ್ರಿಯಲ್ಲಿ ಉಳಿಯುವುದು ಅರ್ಧ, 600.

ಈ ಉದಾರತೆಯಿಂದಲೇ ಒಂದು ಹಳೆಯ ಒರಟು ಲೆಕ್ಕ ಶತಮಾನಗಳ ಕಾಲ ಬದುಕಿತು. ಎದುರು ಬದುರು ಬದಿಗಳನ್ನು ಕೂಡಿಸಿ ಅರ್ಧ ಮಾಡು, ಎರಡು ಸರಾಸರಿಗಳನ್ನು ಗುಣಿಸು, ಅದೇ ಜಮೀನಿನ ವಿಸ್ತೀರ್ಣ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಈ ವಿಧಾನವನ್ನು ಕೊಟ್ಟಿದ್ದಾನೆ. ಆದರೆ ಅದನ್ನು ವ್ಯಾವಹಾರಿಕ ಎಂದು ಕರೆದು, ನಿಖರವಾದ ಸೂಕ್ಷ್ಮ ಫಲದಿಂದ ಬೇರೆಯಾಗಿಟ್ಟ. ನಮ್ಮ ಸೈಟಿನಂಥ ಸಮಾಂತರ ಚತುರ್ಭುಜಕ್ಕೆ ಈ ಒರಟು ಲೆಕ್ಕ ಕೊಡುವುದು 40 × 30 ಅನ್ನೇ, ಸೈನ್ ಬಿಟ್ಟ ಸಂಖ್ಯೆಯನ್ನು. ಅದು ಎಂದೂ ನಿಜಕ್ಕಿಂತ ಕಡಿಮೆ ತೋರಿಸುವುದಿಲ್ಲ. ಮಾರುವವನಿಗೆ ಅನುಕೂಲ, ಕೊಳ್ಳುವವನಿಗೆ ಅಲ್ಲ.

ನಮ್ಮಲ್ಲಿ ಮೋಜಣಿದಾರರು ಹೊಲ ಅಳೆಯುವಾಗ ನಡುವೆ ಒಂದು ನೇರ ಗೆರೆ ಹಿಡಿದು, ಮೂಲೆಗಳಿಂದ ಅದಕ್ಕೆ ಲಂಬವಾಗಿ ದೂರ ಅಳೆದುಕೊಳ್ಳುವ ಪದ್ಧತಿ ಇದೆ. ಓರೆ ಬದಿಯನ್ನು ಅವರು ಗುಣಾಕಾರಕ್ಕೆ ತರುವುದೇ ಇಲ್ಲ. ಲಂಬವನ್ನೇ ಅಳೆದ ಮೇಲೆ ಸೈನ್ ಅದರೊಳಗೇ ಬಂದುಬಿಟ್ಟಿರುತ್ತದೆ.

ಕೋನವನ್ನೂ ಅಳೆಯದೆ, ಸೈನ್ ಕೋಷ್ಟಕವನ್ನೂ ನೋಡದೆ ಕ್ರಾಸ್ ಪ್ರಾಡಕ್ಟ್ ತೆಗೆಯುವ ಇನ್ನೊಂದು ದಾರಿಯಿದೆ. ಒಂದು ಮೂಲೆಯಿಂದ ಹೊರಟು ಮೊದಲ ಬಾಣದ ತುದಿ ಮುಟ್ಟಲು ಪೂರ್ವಕ್ಕೆ 36 ಅಡಿ, ಉತ್ತರಕ್ಕೆ 12 ಅಡಿ ನಡೆಯಬೇಕು ಅನ್ನಿ. ಎರಡನೆಯದರ ತುದಿಗೆ ಪೂರ್ವಕ್ಕೆ 6, ಉತ್ತರಕ್ಕೆ 30. ಅಡ್ಡಡ್ಡ ಗುಣಿಸಿ ಕಳೆಯಿರಿ: 36 × 30 − 12 × 6. 1080ರಲ್ಲಿ 72 ಹೋದರೆ 1008 ಚದರಡಿ. ಸುತ್ತುದಾರಿಯಲ್ಲಿ ಹೋದರೂ ಇದೇ ಉತ್ತರ. ಬಾಣಗಳ ಉದ್ದ ಸುಮಾರು 37.9 ಮತ್ತು 30.6 ಅಡಿ, ನಡುವಿನ ಕೋನ ಸುಮಾರು 60.3 ಡಿಗ್ರಿ, ಮೂರನ್ನೂ ಸೂತ್ರಕ್ಕೆ ಹಾಕಿದರೆ ಅಲ್ಲಿಗೇ ಬರುತ್ತೀರಿ. ಬಾಣಗಳ ಸರದಿ ಅದಲು ಬದಲು ಮಾಡಿದರೆ ಉತ್ತರ ಮೈನಸ್ 1008. ಕ್ರಾಸ್ ಪ್ರಾಡಕ್ಟ್ ಕೂಡ ಒಂದು ಬಾಣವೇ ಆದ್ದರಿಂದ ಹೀಗೆ. ಅದು ಸೈಟಿಗೆ ಲಂಬವಾಗಿ, ಒಂದು ಸರದಿಯಲ್ಲಿ ಆಕಾಶದ ಕಡೆಗೂ ಇನ್ನೊಂದರಲ್ಲಿ ಬೋರ್‌ವೆಲ್‌ನ ಕಡೆಗೂ ಮುಖ ಮಾಡಿರುತ್ತದೆ. ವಿಸ್ತೀರ್ಣ ಬೇಕಾದವರಿಗೆ ಅದರ ಉದ್ದವಷ್ಟೇ ಸಾಕು, ಮೈನಸ್ ಬಿಟ್ಟುಬಿಡಬಹುದು.

ಬಿಡಬಾರದ ಮೈನಸ್ಸೂ ಒಂದಿದೆ. ಕ್ಯಾಲ್ಕುಲೇಟರು ರೇಡಿಯನ್‌ನಲ್ಲಿದ್ದಾಗ ನೀವು 80 ಡಿಗ್ರಿ ಅಂದುಕೊಂಡು ಸೈನ್ 80 ಒತ್ತಿದರೆ −0.9939 ಬರುತ್ತದೆ. ಇದರಿಂದ 1200 ಅನ್ನು ಗುಣಿಸಿ, ಮೈನಸ್ ಅಳಿಸಿದರೆ 1193. ಸರಿಯುತ್ತರ 1182. ಎರಡೂ ಇಷ್ಟು ಹತ್ತಿರ ಇರುವುದರಿಂದ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಸೊನ್ನೆಯಿಂದ 180 ಡಿಗ್ರಿಯವರೆಗೆ ಸೈನ್ ಎಂದೂ ಋಣವಾಗದು. ಹಾಗೆ ಬಂದರೆ ಮೊದಲು ಮೋಡ್ ನೋಡಿ.

ಸೈನ್‌ಗೆ ಒಂದು ಕುರುಡೂ ಇದೆ. ಸೈಟಿನ ಒಂದು ಮೂಲೆ 78.6 ಡಿಗ್ರಿ ಇದ್ದರೆ ಪಕ್ಕದ್ದು 101.4. ಎರಡಕ್ಕೂ ಸೈನ್ ಒಂದೇ. ಯಾವ ಮೂಲೆಯಿಂದ ಹೊರಟರೂ ವಿಸ್ತೀರ್ಣ ಅದೇ ಬರಲೇಬೇಕಾದ್ದರಿಂದ ಇದು ನ್ಯಾಯವೇ. ಆದರೆ ವಿಸ್ತೀರ್ಣ 1176 ಎಂದು ಮಾತ್ರ ಗೊತ್ತಿದ್ದರೆ ಸೈಟು ಎಡಕ್ಕೆ ವಾಲಿದೆಯೋ ಬಲಕ್ಕೋ ಹೇಳಲಾಗದು. ಅದನ್ನು ಹೇಳುವುದು ಕರ್ಣಗಳು, ಅಂದರೆ ಕೊಸೈನ್.

ಭಾವನಿಗೆ ನಿಜವಾಗಿ ಪೆಟ್ಟು ಕೊಟ್ಟದ್ದೂ ಈ ಕೊಸೈನೇ. 0.198 ಎಂಬ ಸಂಖ್ಯೆಯನ್ನು 30 ಅಡಿಯ ಬದಿಯಿಂದ ಗುಣಿಸಿ ನೋಡಿ, ಸುಮಾರು 5.9 ಅಡಿ. ಹಿಂದಿನ ಗೆರೆ ರಸ್ತೆಯ ಗೆರೆಗಿಂತ ಇಷ್ಟು ಪಕ್ಕಕ್ಕೆ ಜರುಗಿದೆ. ಮನೆಯ ಕೋಣೆಗಳು ಮೂಲೆ ಮಟ್ಟವಾಗಿರಬೇಕಲ್ಲ? ರಸ್ತೆಗೆ ಸಮನಾಗಿ, ಸೈಟಿನ ಪೂರ್ತಿ ಆಳಕ್ಕೆ ಒಂದು ಆಯತ ಕೂರಿಸಿದರೆ ಅದರ ಅಗಲ 34.1 ಅಡಿ, ಆಳ 29.4 ಅಡಿ, ವಿಸ್ತೀರ್ಣ ಸುಮಾರು 1002 ಚದರಡಿ. ಎರಡೂ ಪಕ್ಕ ಒಂದೊಂದು ಚೂಪು ತ್ರಿಕೋನ, ಒಟ್ಟು 175 ಚದರಡಿಯಷ್ಟು. ಅಲ್ಲಿ ತುಳಸಿಕಟ್ಟೆ ಕಟ್ಟಬಹುದು, ಬೈಕು ನಿಲ್ಲಿಸಬಹುದು, ಮಲಗುವ ಕೋಣೆ ಆಗದು. ಕಾಗದದ ಮೇಲೆ ಕಳೆದದ್ದು 24, ಕಟ್ಟಲು ಹೋದಾಗ ಕೈಬಿಡುವುದು ಅದರ ಏಳರಷ್ಟಕ್ಕೂ ಹೆಚ್ಚು. ನಗರಸಭೆಯ ನಿಯಮದಂತೆ ಸುತ್ತ ಬಿಡಬೇಕಾದ ಜಾಗ ಇದರಲ್ಲಿ ಸೇರಿಲ್ಲ.

ಚದರಡಿಗೆ 4000 ರೂಪಾಯಿ ಎಂದಿಟ್ಟುಕೊಂಡರೆ ಆ 24 ಚದರಡಿಗೇ 96,000 ರೂಪಾಯಿ ಆಗುತ್ತದೆ. ನಮ್ಮ ಭಾವ ಲೆಕ್ಕ ಬರೆದ ಚೀಟಿ ತೋರಿಸಿ ಚೌಕಾಸಿಗೆ ಕೂತರು, ಮಾರುವವರು ಒಪ್ಪಲಿಲ್ಲ, ವ್ಯವಹಾರ ಮುರಿಯಿತು. ನೀವು ಸೈಟು ನೋಡಲು ಹೋದಾಗ ಬದಿಗಳ ಜೊತೆಗೆ ಎರಡು ಕರ್ಣಗಳನ್ನೂ ಅಳೆಯಿರಿ, ಅದೂ ಮುಂಗಡ ಕೊಡುವ ಮೊದಲು. ಮೂವತ್ತು ನಲವತ್ತಕ್ಕೆ ಎರಡೂ ಐವತ್ತೇ ಬರಬೇಕು.