ಶ್ವಾಸಯಂತ್ರದಲ್ಲಿರುವ ರೋಗಿಯ ಶಕ್ತಿವ್ಯಯ: ಸೂತ್ರವೂ ಮಾಪನವೂ

1919ರಲ್ಲಿ ಹ್ಯಾರಿಸ್ ಮತ್ತು ಬೆನೆಡಿಕ್ಟರು ಪ್ರಕಟಿಸಿದ ಸೂತ್ರವು ಆರೋಗ್ಯವಂತರ ವಿಶ್ರಾಂತಿಕಾಲದ ಮಾಪನಗಳಿಂದ ಹುಟ್ಟಿದುದು. ಶ್ವಾಸಯಂತ್ರವನ್ನು ಅವಲಂಬಿಸಿದ ರೋಗಿಗೆ ಅದು ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಜ್ವರಪೀಡಿತನಾದ ಪುರುಷನೊಬ್ಬನಿಗೆ ವಯಸ್ಸು 60, ತೂಕ 70 ಕಿಲೋಗ್ರಾಂ, ಎತ್ತರ 170 ಸೆಂಟಿಮೀಟರ್ ಎಂದು ಭಾವಿಸೋಣ. ಸೂತ್ರದಂತೆ ಅವನ ದಿನದ ವ್ಯಯ ಸುಮಾರು 1,475 ಕಿಲೋಕ್ಯಾಲೊರಿ. ಪರೋಕ್ಷ ಉಷ್ಣಮಾಪನವಾದರೋ ಉಸಿರಿನ ಅನಿಲಗಳನ್ನೇ ಅಳೆಯುತ್ತದೆ. ಅವನು ನಿಮಿಷಕ್ಕೆ 280 ಮಿಲಿಲೀಟರ್ ಆಮ್ಲಜನಕವನ್ನು ಬಳಸಿ, 230 ಮಿಲಿಲೀಟರ್ ಇಂಗಾಲದ ಡೈಆಕ್ಸೈಡನ್ನು ಹೊರಬಿಟ್ಟರೆ, ವೀರ್ 1949ರಲ್ಲಿ ನೀಡಿದ ಸಮೀಕರಣದಂತೆ ವ್ಯಯವು ಸುಮಾರು 1,955 ಆಗುತ್ತದೆ. ಸೂತ್ರವೊಂದನ್ನೇ ನಂಬಿದರೆ ದಿನಕ್ಕೆ 480ರಷ್ಟು ಕಡಿಮೆ ಎಣಿಸಿದಂತಾಯಿತು. ಜ್ವರಕ್ಕೆಂದು ಗುಣಕವನ್ನು ಸೇರಿಸುವುದುಂಟು, ಅದೂ ಊಹೆಯೇ.

ಮಾಪನವೂ ನಿರ್ದೋಷವಲ್ಲ. ಕೊಳವೆಯಲ್ಲಿ ಅನಿಲ ಸೋರಿದರೆ ಅಂಕಿ ತಪ್ಪುತ್ತದೆ. ಹೊರಬಿಟ್ಟ ಅನಿಲಕ್ಕೂ ಬಳಸಿದ ಆಮ್ಲಜನಕಕ್ಕೂ ಇರುವ ಅನುಪಾತ ಇಲ್ಲಿ 0.82; ಅದು 0.67ಕ್ಕಿಂತ ಕೆಳಗಿಳಿದರೆ ಸೋರಿಕೆಯನ್ನು ಶಂಕಿಸಿ ಮತ್ತೆ ಅಳೆಯಬೇಕು.