ಸೋಲಾರ್ ಬೀದಿದೀಪ: ಸಮಿತಿಗೆ ಬರೆಯುವ ಪತ್ರದಲ್ಲಿ ಏನಿರಬೇಕು?

ಬಡಾವಣೆಯ ರಸ್ತೆಗೆ ಸೋಲಾರ್ ದೀಪ ಬೇಕೆಂದು ಸಂಘದ ಸಮಿತಿಗೆ ಬರೆಯುವವರು ಕರೆಂಟ್ ಬಿಲ್ ಉಳಿಯುತ್ತದೆ ಎಂಬಲ್ಲಿಗೇ ಪತ್ರ ಮುಗಿಸುತ್ತಾರೆ. ಆದರೆ ಮೋಡ ಕವಿದ ಆಷಾಢದಲ್ಲಿ ದೀಪ ಬೆಳಗಿನವರೆಗೂ ಉರಿಯುತ್ತದೆಯೇ? ಇದಕ್ಕೆ ಪತ್ರದಲ್ಲೇ ಲೆಕ್ಕ ಕೊಡಬೇಕು.

20 ವ್ಯಾಟ್‌ನ ಎಲ್‌ಇಡಿ ದೀಪ 12 ಗಂಟೆ ಪೂರ್ತಿ ಉರಿದರೆ 240 ವ್ಯಾಟ್-ಅವರ್ ಬೇಕು. ಸಂಜೆ 6ಕ್ಕೆ ಹೊತ್ತಿ, ರಾತ್ರಿ 11ರ ನಂತರ ಅರ್ಧ ಬೆಳಕಿಗೆ ಇಳಿದರೆ 170 ಸಾಕು. 12.8 ವೋಲ್ಟ್, 30 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ ತುಂಬಿದಾಗ 384 ಹಿಡಿದಿಟ್ಟುಕೊಳ್ಳುತ್ತದೆ. ಹೊಸದಿದ್ದಾಗ ಬಿಸಿಲಿಲ್ಲದೆಯೂ ಸುಮಾರು ಎರಡು ರಾತ್ರಿ ದೂಡುತ್ತದೆ.

ಮುಸ್ಸಂಜೆಯನ್ನು ಗುರುತಿಸಲು ಇಂಥ ಬಹಳಷ್ಟು ದೀಪಗಳಲ್ಲಿ ಬೇರೆ ಸೆನ್ಸರ್ ಇರುವುದಿಲ್ಲ. ಪ್ಯಾನೆಲ್‌ನ ವೋಲ್ಟೇಜ್ ಕುಸಿದದ್ದನ್ನು ಕಂಟ್ರೋಲರ್ ಗಮನಿಸಿ, ಕೆಲ ನಿಮಿಷ ಕಾದು ದೀಪ ಹೊತ್ತಿಸುತ್ತದೆ. ಆ ಕಾಯುವಿಕೆ ಇಲ್ಲದಿದ್ದರೆ ದಟ್ಟ ಮೋಡ ಸರಿದಾಗಲೆಲ್ಲ ದೀಪ ಹೊತ್ತಿ ಆರುತ್ತದೆ. ಪಕ್ಕದ ಕಟ್ಟಡದ ಫ್ಲಡ್‌ಲೈಟ್ ನೇರವಾಗಿ ಪ್ಯಾನೆಲ್ ಮೇಲೆ ಬಿದ್ದರೆ ಕತ್ತಲಾದರೂ ಹೊತ್ತದೇ ಇರಬಹುದು.

ನಡುರಾತ್ರಿಗೇ ಆರತೊಡಗಿದರೆ ಮೊದಲು ಪ್ಯಾನೆಲ್ ಮೇಲಿನ ದೂಳು, ಹೊಂಗೆ ಮರದ ನೆರಳು ನೋಡಬೇಕು. ಹಾಗಾಗಿ ಕಂಬದ ಜಾಗಗಳ ನಕ್ಷೆ ಲಗತ್ತಿಸಿ, ಮಳೆಗಾಲಕ್ಕೆ ಎರಡೇ ಕಂಬಗಳ ಪ್ರಯೋಗ ಕೇಳಿ. ಬ್ಯಾಟರಿಯ ವಾರಂಟಿಯನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳುವ ಷರತ್ತೂ ಪತ್ರದಲ್ಲಿರಲಿ.