ತೂಕವೇ ಇಲ್ಲದಲ್ಲಿ ಭಾರ ಎತ್ತುವ ಬಗೆ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಕಾಲುಗಳಿಗೆ ದೇಹದ ಭಾರ ಹೊರುವ ಕೆಲಸವಿಲ್ಲ. ಹೊರೆ ಬೀಳದ ಮೂಳೆಯನ್ನು ದೇಹ ಕರಗಿಸತೊಡಗುತ್ತದೆ. ವ್ಯಾಯಾಮ ಸಾಲದಿದ್ದರೆ ಸೊಂಟದ ಮೂಳೆಯ ಸಾಂದ್ರತೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಇಳಿಯುತ್ತದೆ. ಕರಗಿದ ಕ್ಯಾಲ್ಸಿಯಂ ಮೂತ್ರ ಸೇರುವುದರಿಂದ ಕಿಡ್ನಿಯಲ್ಲಿ ಕಲ್ಲಾಗುವ ಅಪಾಯವೂ ಉಂಟು. ತೊಡೆ, ಮೀನಖಂಡ, ಬೆನ್ನಿನ ಸ್ನಾಯುಗಳೂ ಸೊರಗುತ್ತವೆ.

ಇದಕ್ಕೆ ಮದ್ದು ಭಾರ ಎತ್ತುವುದೇ. ಆದರೆ ಅಲ್ಲಿ ಕಬ್ಬಿಣದ ಗುಂಡಿಗೂ ತೂಕವಿಲ್ಲ! ಹಾಗಾಗಿ 2008ರಲ್ಲಿ ನಿಲ್ದಾಣಕ್ಕೆ ಕಳಿಸಿದ ‘ಎರೆಡ್’ ಯಂತ್ರದಲ್ಲಿ ನಿರ್ವಾತ ಸಿಲಿಂಡರುಗಳಿವೆ. ಹೆಗಲಿಗೆ ಸರಳು ಕೊಟ್ಟು ಬಸ್ಕಿ ಹೊಡೆದು ಏಳುವಾಗ ಅದರ ಪಿಸ್ಟನ್ನುಗಳ ವಿರುದ್ಧ ಬಲ ಹಾಕಬೇಕು. ಹೊರೆಯನ್ನು ಸುಮಾರು 270 ಕಿಲೋವರೆಗೆ ಏರಿಸಬಹುದು. ಸ್ವಂತ ಮೈಗೂ ತೂಕವಿಲ್ಲವಲ್ಲ, ಆ ಕೊರತೆಯನ್ನೂ ಯಂತ್ರವೇ ತುಂಬಬೇಕು. ಮೈಗೆ ಪಟ್ಟಿ ಬಿಗಿದುಕೊಂಡು ಟ್ರೆಡ್‌ಮಿಲ್ ಮೇಲೆ ಓಡುವುದು, ಸೈಕಲ್ ತುಳಿಯುವುದೂ ಇರುತ್ತದೆ. ತಯಾರಿಯೂ ಸೇರಿ ಇದಕ್ಕೆಲ್ಲ ದಿನಕ್ಕೆ ಎರಡೂವರೆ ಗಂಟೆ ಮೀಸಲು.

ದೇಹದ್ರವಗಳು ಕಾಲಿನಿಂದ ತಲೆಯತ್ತ ಸರಿಯುತ್ತವೆ. ಮುಖ ಊದಿ, ಕಾಲು ಸಣಕಲಾಗುತ್ತದೆ. ಕ್ರಮೇಣ ರಕ್ತದ ಪ್ರಮಾಣವೂ ತಗ್ಗುತ್ತದೆ. ಭೂಮಿಗೆ ಮರಳಿ ಎದ್ದು ನಿಂತಾಗ ತಲೆಸುತ್ತು ಬರಲು ಇದೇ ಕಾರಣ. ಅದಕ್ಕೇ ಇಳಿಯುವ ಮುನ್ನ ಉಪ್ಪು, ನೀರು ಸೇವಿಸಿ, ಕಾಲನ್ನು ಬಿಗಿಯಾಗಿ ಒತ್ತುವ ಉಡುಪು ತೊಡುತ್ತಾರೆ. ಕೆಲವರಲ್ಲಿ ಕಾಣುವ ದೃಷ್ಟಿನರದ ಊತಕ್ಕೆ ಮಾತ್ರ ಖಚಿತ ಪರಿಹಾರ ಇನ್ನೂ ಸಿಕ್ಕಿಲ್ಲ.